ಅನುರಣನ: ಬಲಪ್ರೇರಿತ ಸ್ಪ್ರಿಂಗು–ದ್ರವ್ಯರಾಶಿ ವ್ಯವಸ್ಥೆಯಲ್ಲಿ ಕಂಪನ ವಿಸ್ತಾರದ ಮಿತಿಯಿಲ್ಲದ ಏರಿಕೆ

ಸ್ಪ್ರಿಂಗಿಗೆ ಕಟ್ಟಿದ ಭಾರವನ್ನು ಒಮ್ಮೆ ಎಳೆದು ಬಿಟ್ಟರೆ ಅದು ಯಾರ ನೆರವೂ ಇಲ್ಲದೆ ಒಂದು ನಿಶ್ಚಿತ ಲಯದಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಈ ಲಯವನ್ನು ಆ ವ್ಯವಸ್ಥೆಯ ಸಹಜ ಆವೃತ್ತಿ ಎನ್ನುತ್ತಾರೆ. ಅದೇ ಭಾರದ ಮೇಲೆ ಹೊರಗಿನಿಂದ ನಿಯತಕಾಲಿಕವಾದ ಬಲವೊಂದು ಬಿಡದೆ ಬೀಳುತ್ತಿದ್ದರೆ ಉಂಟಾಗುವ ಚಲನೆ ಪ್ರೇರಿತ ಕಂಪನ. ಹೊರಗಿನ ಬಲದ ಆವೃತ್ತಿಯು ಸಹಜ ಆವೃತ್ತಿಗೆ ಸಮನಾದಾಗ, ಬಲ ಎಷ್ಟೇ ಅಲ್ಪವಾಗಿರಲಿ, ಕಂಪನದ ವಿಸ್ತಾರ, ಅಂದರೆ ಸಮತೋಲ ಸ್ಥಾನದಿಂದ ಭಾರ ಸರಿಯುವ ಗರಿಷ್ಠ ದೂರ, ಸುತ್ತಿನಿಂದ ಸುತ್ತಿಗೆ ಏರುತ್ತ ಹೋಗುವ ವಿದ್ಯಮಾನವೇ ಅನುರಣನ. ಘರ್ಷಣೆಯೇ ಇಲ್ಲದ ಆದರ್ಶ ವ್ಯವಸ್ಥೆಯಲ್ಲಿ ಈ ಏರಿಕೆಗೆ ಕೊನೆಯಿಲ್ಲವೆಂದು ಗಣಿತ ಹೇಳುತ್ತದೆ. ಆ ಮಾತಿನ ಅರ್ಥವೇನು, ಅದು ಎಲ್ಲಿಯವರೆಗೆ ನಿಜ, ಎಲ್ಲಿ ನಿಲ್ಲುತ್ತದೆ ಎಂಬುದು ಈ ಲೇಖನದ ವಿಷಯ.

ಇದಕ್ಕೆ ಒಳ್ಳೆಯ ನಿದರ್ಶನ ಕನ್ನಡ–ತೆಲುಗು ಗಡಿಸೀಮೆಯಲ್ಲೇ ಇದೆ. ಅನಂತಪುರ ಜಿಲ್ಲೆಯ ರಾಯದುರ್ಗ, ಗುಮ್ಮಘಟ್ಟಗಳೂ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರವೂ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿ ಬರುವ ಸೀಮೆಗಳು; ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿಗೆ ಮಳೆ ಕಡಿಮೆ ಬಂದರೂ ಗಾಳಿ ಧಾರಾಳವಾಗಿ ಬರುತ್ತದೆ. ಈ ಗಾಳಿಯನ್ನು ನಂಬಿಕೊಂಡೇ 1990ರ ದಶಕದಲ್ಲಿ ರಾಮಗಿರಿಯ ಗುಡ್ಡಗಳ ಮೇಲೆ, ಆಮೇಲೆ ಗಡಿಯಾಚೆ ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ಎದ್ದುನಿಂತವು. ಉದ್ದನೆಯ ಉಕ್ಕಿನ ಕಂಬದ ತಲೆಯಲ್ಲಿ ಹತ್ತಾರು ಟನ್ ಭಾರದ ಯಂತ್ರಪೆಟ್ಟಿಗೆ, ಅದರ ಮುಂದೆ ತಿರುಗುವ ಮೂರು ರೆಕ್ಕೆಗಳು: ಭೌತವಿಜ್ಞಾನದ ಕಣ್ಣಿಗೆ ಇದು ಬುಡದಲ್ಲಿ ಬಿಗಿದ ಸ್ಪ್ರಿಂಗಿನ ತುದಿಯ ದ್ರವ್ಯರಾಶಿಯಲ್ಲದೆ ಬೇರೇನೂ ಅಲ್ಲ. ಕಂಬ ಬಾಗಿದಾಗ ಅದನ್ನು ನೆಟ್ಟಗೆ ಮಾಡಲು ಉಕ್ಕು ತೋರುವ ಪ್ರತಿಬಲವೇ ಸ್ಪ್ರಿಂಗಿನ ಬಲ. ಯಂತ್ರಪೆಟ್ಟಿಗೆ, ರೆಕ್ಕೆಗಳು ಮತ್ತು ಕಂಬದ ತೂಕದ ಒಂದು ಪಾಲು ಸೇರಿ ದ್ರವ್ಯರಾಶಿ.

ನಿಯತಕಾಲಿಕ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಬೀಸುವ ಗಾಳಿಗೆ ತನ್ನದೆಂಬ ಲಯವಿಲ್ಲ. ಲಯವನ್ನು ಕೊಡುವುದು ರೆಕ್ಕೆಗಳ ತಿರುಗುವಿಕೆ. ಪ್ರತಿ ರೆಕ್ಕೆಯೂ ಕೆಳಗೆ ಬಂದು ಕಂಬದ ಮುಂದೆ ಹಾದುಹೋಗುವಾಗ ಅಲ್ಲಿ ಕಂಬ ಗಾಳಿಗೆ ಅಡ್ಡವಾಗಿರುವುದರಿಂದ ಆ ರೆಕ್ಕೆಯ ಮೇಲಿನ ಒತ್ತಡ ಕ್ಷಣಕಾಲ ತಗ್ಗುತ್ತದೆ, ರೆಕ್ಕೆ ಮುಂದೆ ಸಾಗಿದೊಡನೆ ಮತ್ತೆ ಏರುತ್ತದೆ. ರೆಕ್ಕೆಗಳು ಮೂರಾದ್ದರಿಂದ ಚಕ್ರದ ಒಂದು ಸುತ್ತಿಗೆ ಇಂಥ ಮೂರು ತಟ್ಟುಗಳು ಕಂಬದ ತಲೆಗೆ ಬೀಳುತ್ತವೆ. ಇದಲ್ಲದೆ, ಒಂದು ರೆಕ್ಕೆ ಉಳಿದವುಗಳಿಗಿಂತ ತುಸು ಭಾರವಾಗಿದ್ದರೆ ಅಥವಾ ಅದರ ಓರೆ ತುಸು ತಪ್ಪಿದ್ದರೆ ಸುತ್ತಿಗೆ ಒಂದರಂತೆ ಇನ್ನೊಂದು ತಟ್ಟು ಸೇರಿಕೊಳ್ಳುತ್ತದೆ. ಹೀಗೆ ಚಕ್ರದ ವೇಗವೇ ಬಲದ ಆವೃತ್ತಿಯನ್ನು ನಿರ್ಧರಿಸುತ್ತದೆ. ಕಂಬದ ಸಹಜ ಆವೃತ್ತಿಯಾದರೋ ಕಟ್ಟಿದ ದಿನವೇ ನಿಗದಿಯಾದದ್ದು.

ಲೆಕ್ಕಕ್ಕೆ ಅನುಕೂಲವಾಗುವಂತೆ, ದೊಡ್ಡ ಗಾಳಿಯಂತ್ರವೊಂದಕ್ಕೆ ಸಲ್ಲುವ ಗಾತ್ರದ ದುಂಡನೆಯ ಸಂಖ್ಯೆಗಳನ್ನು ಆರಿಸಿಕೊಳ್ಳಬಹುದು. ಕಂಬದ ಎತ್ತರ 80 ಮೀಟರ್, ತಲೆಯಲ್ಲಿರುವ ಒಟ್ಟು ದ್ರವ್ಯರಾಶಿ m = 1,00,000 ಕಿಲೋಗ್ರಾಂ, ಕಂಬದ ಬಿಗಿತ k = 4,00,000 ನ್ಯೂಟನ್ ಪ್ರತಿ ಮೀಟರಿಗೆ. ಅಂದರೆ ಕಂಬದ ತುದಿಯನ್ನು ಒಂದು ಮೀಟರಿನಷ್ಟು ಸರಿಸಿ ಹಿಡಿಯಲು ಸುಮಾರು 40 ಟನ್ ಭಾರಕ್ಕೆ ಸಮನಾದ ಬಲ ಬೇಕು. ಸಹಜ ಆವೃತ್ತಿಯನ್ನು ಸೆಕೆಂಡಿಗೆ ಇಷ್ಟು ರೇಡಿಯನ್ ಎಂದು ಅಳೆದರೆ

ω₀ = √(k/m) = 2 ರೇಡಿಯನ್/ಸೆಕೆಂಡು

ಎಂದಾಗುತ್ತದೆ, ಕಂಬ ಒಂದು ಪೂರ್ಣ ತೂಗಾಟಕ್ಕೆ 3.14 ಸೆಕೆಂಡು ತೆಗೆದುಕೊಳ್ಳುತ್ತದೆ. ರೆಕ್ಕೆಗಳು ಹಾದುಹೋಗುವುದರಿಂದ ಉಂಟಾಗುವ ಬಲದ ಏರಿಳಿತವನ್ನು F₀ = 2,000 ನ್ಯೂಟನ್ ಎನ್ನೋಣ. ಇದು 200 ಕಿಲೋ ತೂಕದಷ್ಟು ಮಾತ್ರ. ಈ ಬಲ ಏರಿಳಿಯದೆ ಒಂದೇ ಸಮ ಕಂಬವನ್ನು ಒತ್ತಿದರೆ ತುದಿ ಸರಿಯುವುದು F₀/k, ಅಂದರೆ 5 ಮಿಲಿಮೀಟರ್. ಅಷ್ಟು ಎತ್ತರದ ಕಂಬಕ್ಕೆ ಅದು ಲೆಕ್ಕಕ್ಕೇ ಬಾರದ ಬಾಗು.

ಕಂಬದ ಚಲನೆಯನ್ನು ನಿರ್ಧರಿಸುವ ಅವಕಲ ಸಮೀಕರಣ, ಅಂದರೆ ಸ್ಥಾನಕ್ಕೂ ಅದರ ಬದಲಾವಣೆಯ ದರಕ್ಕೂ ಇರುವ ಸಂಬಂಧ, ನ್ಯೂಟನ್ನನ ಎರಡನೆಯ ನಿಯಮದಿಂದ ನೇರವಾಗಿ ಬರುತ್ತದೆ:

m x″ + k x = F₀ cos ωt

ಇಲ್ಲಿ x ಎಂಬುದು ತುದಿಯ ಸರಿತ, x″ ಅದರ ವೇಗೋತ್ಕರ್ಷ, ω ಹೊರಬಲದ ಆವೃತ್ತಿ. ಘರ್ಷಣೆಯನ್ನು ಸದ್ಯಕ್ಕೆ ಬಿಡಲಾಗಿದೆ. ಬಲದ ಲಯದಲ್ಲೇ ಕಂಬ ಆಡುತ್ತದೆಂದು ಊಹಿಸಿ x = A cos ωt ಎಂದು ಸಮೀಕರಣದಲ್ಲಿ ಹಾಕಿದರೆ

A (ω₀² − ω²) = F₀/m

ಎಂಬ ಷರತ್ತು ಸಿಗುತ್ತದೆ. ω ಬೇರೆ, ω₀ ಬೇರೆ ಆಗಿರುವವರೆಗೆ ಇದರಿಂದ A ಸಿಕ್ಕೇ ಸಿಗುತ್ತದೆ. ಅವೆರಡೂ ಒಂದಾದ ಕೂಡಲೇ ಎಡಗಡೆ ಸೊನ್ನೆಯಾಗಿ ಬಲಗಡೆ ಸೊನ್ನೆಯಲ್ಲದ ಸಂಖ್ಯೆ ಉಳಿಯುತ್ತದೆ. ಯಾವ A ಕೂಡ ಅದನ್ನು ತೃಪ್ತಿಪಡಿಸಲಾರದು. ಪಠ್ಯಪುಸ್ತಕಗಳು ಈ ಹಂತದಲ್ಲಿ 'ವಿಸ್ತಾರ ಅನಂತವಾಗುತ್ತದೆ' ಎಂದು ಬರೆದು ಮುಂದೆ ಸಾಗುವುದುಂಟು. ಆ ಮಾತು ಓದುಗರನ್ನು ದಾರಿ ತಪ್ಪಿಸುತ್ತದೆ. ಷರತ್ತು ವಿಫಲವಾಗುವುದರ ಅರ್ಥ ಕಂಬ ತಟ್ಟನೆ ಅನಂತ ದೂರಕ್ಕೆ ಜಿಗಿಯುತ್ತದೆ ಎಂದಲ್ಲ, ಬದಲಾಗದ ವಿಸ್ತಾರದ ತೂಗಾಟವೊಂದು ಇಲ್ಲಿ ಸಾಧ್ಯವೇ ಇಲ್ಲ ಎಂದು. ಇದಕ್ಕೆ ಭೌತಿಕ ಕಾರಣವೂ ಸ್ಪಷ್ಟವಾಗಿದೆ: ಸಹಜ ಆವೃತ್ತಿಯಲ್ಲಿ ಭಾರವನ್ನು ಹಿಂದುಮುಂದು ಆಡಿಸಲು ಬೇಕಾದ ಬಲವನ್ನೆಲ್ಲ ಸ್ಪ್ರಿಂಗೇ ಪೂರ್ತಿಯಾಗಿ ಒದಗಿಸಿಬಿಡುವುದರಿಂದ, ಹೊರಬಲವನ್ನು ಸರಿದೂಗಿಸಲು ವ್ಯವಸ್ಥೆಯಲ್ಲಿ ಏನೂ ಉಳಿದಿರುವುದಿಲ್ಲ.

ನಿಶ್ಚಲವಾಗಿದ್ದ ಕಂಬದ ಮೇಲೆ ಬಲ ಬೀಳತೊಡಗಿದರೆ ನಿಜವಾಗಿ ಆಗುವುದೇನೆಂಬುದನ್ನು, ಅನುರಣನದ ಸಮೀಪದಿಂದ ಹೊರಟು ಅದರತ್ತ ಸಾಗುವ ಮೂಲಕ ಚೆನ್ನಾಗಿ ಕಾಣಬಹುದು. ಆವೃತ್ತಿಗಳು ಬೇರೆಯಾಗಿದ್ದಾಗ ಪೂರ್ಣ ಪರಿಹಾರದಲ್ಲಿ ಎರಡು ಲಯಗಳು ಬೆರೆತಿರುತ್ತವೆ, ಒಂದು ಬಲದ್ದು, ಇನ್ನೊಂದು ಕಂಬದ್ದು:

x = [F₀ / m(ω₀² − ω²)] (cos ωt − cos ω₀t)

ω = 1.9 ಎಂದಿರಲಿ. ಆವರಣದ ಹೊರಗಿನ ಗುಣಕ ಸುಮಾರು 51 ಮಿಲಿಮೀಟರ್. ಮೊದಲಲ್ಲಿ ಎರಡೂ ಲಯಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಹಾಗಾಗಿ ಕಂಬ ನಿಶ್ಚಲ. ಕ್ರಮೇಣ ಅವುಗಳ ಹೆಜ್ಜೆ ತಪ್ಪುತ್ತ ಹೋಗಿ ಸುಮಾರು 31 ಸೆಕೆಂಡಿಗೆ ಒಂದಕ್ಕೊಂದು ಕೂಡಿಕೊಂಡಾಗ ವಿಸ್ತಾರ 102 ಮಿಲಿಮೀಟರಿಗೆ ಮುಟ್ಟುತ್ತದೆ. ಮತ್ತೆ 31 ಸೆಕೆಂಡು ಕಳೆದಾಗ ಕಂಬ ಮರಳಿ ಶಾಂತವಾಗುತ್ತದೆ. ಹೀಗೆ ಉಬ್ಬಿ ಇಳಿಯುವ ಕಂಪನಕ್ಕೆ ವಿಸ್ಪಂದ ಎಂದು ಹೆಸರು. ಮೊದಲ ಅರ್ಧದಲ್ಲಿ ಕಂಬಕ್ಕೆ ಶಕ್ತಿ ತುಂಬಿದ ಬಲವೇ ಹೆಜ್ಜೆ ತಪ್ಪಿದ ಮೇಲೆ ಚಲನೆಗೆ ಎದುರಾಗಿ ನಿಂತು, ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಪಡೆಯುತ್ತದೆ. ಈಗ ω = 1.99 ಎಂದು ಮಾಡಿದರೆ ಗುಣಕ ಸುಮಾರು 50 ಸೆಂಟಿಮೀಟರಿಗೆ ಏರುತ್ತದೆ, ಆದರೆ ಹೆಜ್ಜೆ ತಪ್ಪಲು ಹತ್ತು ಪಟ್ಟು ಕಾಲ ಬೇಕಾಗುತ್ತದೆ. ವಿಸ್ತಾರ 314 ಸೆಕೆಂಡುಗಳ ಕಾಲ ಏರುತ್ತಲೇ ಹೋಗಿ ಒಂದು ಮೀಟರನ್ನು ಮುಟ್ಟಿ ಆಮೇಲೆ ಇಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಆರಂಭದ ಏರಿಕೆಯ ದರ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ 5 ಮಿಲಿಮೀಟರ್. ಬದಲಾಗುವುದು ಇಳಿಮುಖವಾಗುವ ಗಳಿಗೆ ಮಾತ್ರ. ω ಎಂಬುದು ω₀ಗೆ ಹತ್ತಿರವಾದಷ್ಟೂ ಆ ಗಳಿಗೆ ದೂರ ಸರಿಯುತ್ತದೆ, ಸಮನಾದಾಗ ಎಂದೂ ಬರುವುದಿಲ್ಲ. ಉಳಿಯುವುದು ಇಷ್ಟು:

x = (F₀ / 2mω₀) t sin ω₀t

ವಿಸ್ತಾರದ ಜಾಗದಲ್ಲಿ ಈಗ ಕಾಲವೇ ಬಂದು ಕುಳಿತಿದೆ. ಮೇಲಿನ ಸಂಖ್ಯೆಗಳನ್ನು ಹಾಕಿದರೆ ಗುಣಕ ಸೆಕೆಂಡಿಗೆ 5 ಮಿಲಿಮೀಟರ್. ಒಂದು ನಿಮಿಷಕ್ಕೆ 30 ಸೆಂಟಿಮೀಟರ್, ಐದು ನಿಮಿಷಕ್ಕೆ ಒಂದೂವರೆ ಮೀಟರ್, ಒಂದು ಗಂಟೆಗೆ 18 ಮೀಟರ್. 'ಮಿತಿಯಿಲ್ಲದೆ ಏರುತ್ತದೆ' ಎಂಬುದರ ಸರಿಯಾದ ಅರ್ಥ ಇದೇ: ಯಾವ ಎಲ್ಲೆಯನ್ನು ಹೇಳಿದರೂ ಸಾಕಷ್ಟು ಕಾಲ ಕಾದರೆ ವಿಸ್ತಾರ ಅದನ್ನು ದಾಟುತ್ತದೆ, ಆದರೆ ಯಾವ ನಿಶ್ಚಿತ ಗಳಿಗೆಯಲ್ಲೂ ಅದು ಪರಿಮಿತವೇ.

ಏರಿಕೆ ಸಮಪ್ರಮಾಣದಲ್ಲೇ ಏಕಿರಬೇಕು ಎಂಬುದಕ್ಕೆ ಶಕ್ತಿಯ ಲೆಕ್ಕ ಉತ್ತರ ಕೊಡುತ್ತದೆ. ಮೇಲಿನ ಪರಿಹಾರದಲ್ಲಿ ಸರಿತ sin ω₀tಯಂತೆ ಬದಲಾದರೆ ವೇಗ ಬಹುಮಟ್ಟಿಗೆ cos ω₀tಯಂತೆ ಬದಲಾಗುತ್ತದೆ, ಬಲವೂ cos ω₀t. ಕಂಬ ಮುಂದಕ್ಕೆ ಓಡುತ್ತಿರುವಾಗ ಬಲ ಮುಂದಕ್ಕೇ ತಳ್ಳುತ್ತದೆ, ಹಿಂದಕ್ಕೆ ಓಡುವಾಗ ಹಿಂದಕ್ಕೇ ಎಳೆಯುತ್ತದೆ. ಚಲನೆಗೆ ಎದುರಾಗುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವಿಸ್ತಾರ X ಆಗಿರುವಾಗ ಒಂದು ಸುತ್ತಿನಲ್ಲಿ ಬಲ ಮಾಡುವ ಕೆಲಸ πF₀X. ವ್ಯವಸ್ಥೆಯಲ್ಲಿ ಕೂಡಿರುವ ಶಕ್ತಿ ½kX². ವಿಸ್ತಾರವನ್ನು ಒಂದು ಸಣ್ಣ ಮೊತ್ತದಷ್ಟು ಹೆಚ್ಚಿಸಲು ಬೇಕಾದ ಶಕ್ತಿಯೂ Xಗೆ ಅನುಪಾತದಲ್ಲೇ ಇದೆ. ಸಂಪಾದನೆಯೂ ಖರ್ಚೂ ಒಂದೇ ಪ್ರಮಾಣದಲ್ಲಿ ಬೆಳೆಯುವುದರಿಂದ ಪ್ರತಿ ಸುತ್ತಿನ ಏರಿಕೆ πF₀/k, ಅಂದರೆ ಇಲ್ಲಿ 15.7 ಮಿಲಿಮೀಟರ್, ಮೊದಲ ಸುತ್ತಿಗೂ ಅಷ್ಟೇ, ನೂರನೆಯ ಸುತ್ತಿಗೂ ಅಷ್ಟೇ. ಅನುರಣನವೆಂದರೆ ಸ್ಫೋಟದಂಥ ಬೆಳವಣಿಗೆ ಎಂಬ ಜನಜನಿತ ಕಲ್ಪನೆಗೆ ಇಲ್ಲಿ ಆಧಾರವಿಲ್ಲ. ಅದು ಜಿಪುಣನ ಕೂಡಿಕೆಯ ಹಾಗೆ ನಿಧಾನವಾದದ್ದು, ಆದರೆ ಎಂದೂ ವ್ಯಯವಾಗದ್ದು.

ವ್ಯಯ ಶುರುವಾಗುವುದು ಘರ್ಷಣೆಯನ್ನು ಲೆಕ್ಕಕ್ಕೆ ತಂದಾಗ. ಉಕ್ಕಿನ ಒಳಘರ್ಷಣೆ, ಬೋಲ್ಟು ಬಿಗಿದ ಅಂಚುಗಳ ತಿಕ್ಕಾಟ, ಬುಡದ ಮಣ್ಣು, ಆಡುವ ಕಂಬವನ್ನು ತಡೆಯುವ ಗಾಳಿ, ಇವೆಲ್ಲ ಸೇರಿ ಕಂಪನವನ್ನು ಕುಂದಿಸುತ್ತವೆ. ಇದನ್ನು ಅವಮಂದನ ಎನ್ನುತ್ತಾರೆ. ವೇಗಕ್ಕೆ ಅನುಪಾತದಲ್ಲಿರುವ ಪ್ರತಿರೋಧ ಎಂದು ಇದನ್ನು ಸರಳೀಕರಿಸಿದರೆ ಸಮೀಕರಣಕ್ಕೆ c x′ ಎಂಬ ಪದ ಸೇರುತ್ತದೆ. ಒಂದು ಸುತ್ತಿನಲ್ಲಿ ಇದು ನುಂಗುವ ಶಕ್ತಿ πcω₀X², ವಿಸ್ತಾರದ ವರ್ಗಕ್ಕೆ ಅನುಪಾತ. ಬಲ ಕೊಡುವುದು X ಲೆಕ್ಕದಲ್ಲಿ, ಅವಮಂದನ ಕಸಿಯುವುದು X² ಲೆಕ್ಕದಲ್ಲಿ. ಆದ್ದರಿಂದ ಅವಮಂದನ ಎಷ್ಟು ಕಡಿಮೆಯಿದ್ದರೂ ಸರಿಯೆ, ಒಂದಲ್ಲ ಒಂದು ವಿಸ್ತಾರದಲ್ಲಿ ಎರಡೂ ಸಮವಾಗಲೇಬೇಕು. ಆ ವಿಸ್ತಾರ X = F₀/(cω₀). ತೂಗಾಟವೇ ಇಲ್ಲದಂತೆ ಮಾಡಲು ಬೇಕಾದ ಅವಮಂದನದ ನೂರರಲ್ಲಿ ಒಂದು ಭಾಗ ಮಾತ್ರ ಈ ಕಂಬದಲ್ಲಿದೆ ಎಂದುಕೊಂಡರೆ c = 4,000 ಆಗಿ X 25 ಸೆಂಟಿಮೀಟರ್ ಎಂದು ಬರುತ್ತದೆ. ಬಲವನ್ನು ನಿಶ್ಚಲವಾಗಿ ಒತ್ತಿದ್ದರೆ ಬರುತ್ತಿದ್ದ 5 ಮಿಲಿಮೀಟರಿಗಿಂತ ಇದು ಐವತ್ತು ಪಟ್ಟು. ಏರಿಕೆಯೂ ಈಗ ಸರಳರೇಖೆಯಲ್ಲ: ಮೊದಲ ಕೆಲವು ಸುತ್ತುಗಳಲ್ಲಿ ಸೆಕೆಂಡಿಗೆ 5 ಮಿಲಿಮೀಟರಿನಂತೆಯೇ ಸಾಗಿ, ಕ್ರಮೇಣ ಮಂದವಾಗಿ, 50 ಸೆಕೆಂಡಿಗೆ ಅಂತಿಮ ವಿಸ್ತಾರದ ಶೇಕಡ 63ನ್ನೂ 150 ಸೆಕೆಂಡಿಗೆ ಶೇಕಡ 95ನ್ನೂ ಮುಟ್ಟುತ್ತದೆ. ಹೀಗಾಗಿ 'ಮಿತಿಯಿಲ್ಲದ ಏರಿಕೆ' ಎಂಬುದು ನಿಜವಾದ ಕಂಬದ ಪಾಲಿಗೆ ಸುಳ್ಳೂ ಅಲ್ಲ, ಪೂರ್ಣ ಸತ್ಯವೂ ಅಲ್ಲ; ಮೊದಲ ಅರ್ಧ ನಿಮಿಷದ ಮಟ್ಟಿಗೆ ಅದು ತಕ್ಕಮಟ್ಟಿಗೆ ಹೊಂದುವ ವಿವರಣೆ.

ಈ ಅರ್ಧ ನಿಮಿಷವನ್ನೇ ಗಾಳಿಯಂತ್ರದ ವಿನ್ಯಾಸಕಾರರು ನೆಚ್ಚಿಕೊಳ್ಳುತ್ತಾರೆ. ಮೇಲಿನ ಕಂಬಕ್ಕೆ ಸೆಕೆಂಡಿಗೆ 2 ರೇಡಿಯನ್ ಎಂದರೆ ನಿಮಿಷಕ್ಕೆ ಸುಮಾರು 19 ತೂಗಾಟ. ಸುತ್ತಿಗೆ ಮೂರು ತಟ್ಟುಗಳಿರುವುದರಿಂದ ಚಕ್ರ ನಿಮಿಷಕ್ಕೆ ಸುಮಾರು 6.4 ಸುತ್ತು ತಿರುಗುವಾಗ ಅನುರಣನ ಸಂಭವಿಸುತ್ತದೆ. ರೆಕ್ಕೆಯ ಅಸಮತೂಕದಿಂದ ಬರುವ ಒಂಟಿ ತಟ್ಟಿನ ಅನುರಣನಕ್ಕೆ ಚಕ್ರ 19 ಸುತ್ತಿನ ವೇಗಕ್ಕೆ ಏರಬೇಕು. ಯಂತ್ರ ಪೂರ್ಣ ಗಾಳಿಯಲ್ಲಿ ನಿಮಿಷಕ್ಕೆ 15 ಸುತ್ತು ತಿರುಗುವುದಾದರೆ ಎರಡು ಅಪಾಯಗಳ ನಡುವಿನ ಸುರಕ್ಷಿತ ಬಯಲಿನಲ್ಲಿ ಅದು ನಿಲ್ಲುತ್ತದೆ. ಅಲ್ಲಿ ಮೂರು ತಟ್ಟುಗಳ ಬಲ ಕಂಬವನ್ನು ಆಡಿಸುವುದು ಒಂದು ಮಿಲಿಮೀಟರಿನಷ್ಟು ಮಾತ್ರ. ಆದರೆ ನಿಂತ ಚಕ್ರ 15ಕ್ಕೆ ಏರಬೇಕಾದರೆ 6.4ನ್ನು ಹಾಯಲೇಬೇಕು. ಆ ವೇಗದಲ್ಲಿ ನಿಂತರೆ 25 ಸೆಂಟಿಮೀಟರಿನ ಓಲಾಟ ಕಟ್ಟಿಟ್ಟದ್ದು. ನಿಲ್ಲದೆ ಹಾದುಹೋದರೆ ಕಥೆಯೇ ಬೇರೆ. ಚಕ್ರ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತ ಒಂದು ನಿಮಿಷದಲ್ಲಿ ಸೊನ್ನೆಯಿಂದ 12 ಸುತ್ತಿಗೆ ಏರಿದರೆ, ಬಲ ಕಂಬದೊಡನೆ ಹೆಜ್ಜೆ ಹಾಕುವುದು ಸುಮಾರು 10 ಸೆಕೆಂಡು ಮಾತ್ರವೆಂದು ಲೆಕ್ಕ ತೋರಿಸುತ್ತದೆ. ಸೆಕೆಂಡಿಗೆ 5 ಮಿಲಿಮೀಟರಿನಂತೆ ಹತ್ತು ಸೆಕೆಂಡಿಗೆ 5 ಸೆಂಟಿಮೀಟರ್, ಅಷ್ಟರಲ್ಲಿ ಹೆಜ್ಜೆ ತಪ್ಪಿಯೇ ಹೋಗಿರುತ್ತದೆ. ಆದ್ದರಿಂದ ಯಂತ್ರದ ನಿಯಂತ್ರಕದಲ್ಲಿ 6.4ರ ಆಚೀಚೆ ಒಂದು ನಿಷಿದ್ಧ ವಲಯವನ್ನು ನಮೂದಿಸಿ, ಗಾಳಿ ಎಷ್ಟೇ ಇರಲಿ ಆ ವಲಯದಲ್ಲಿ ತಂಗದೆ ಬೇಗ ದಾಟಿಸುವಂತೆ ಮಾಡಲಾಗುತ್ತದೆ. ಹೊಲದ ಡೀಸೆಲ್ ಎಂಜಿನ್ ಓಡುವಾಗ ಹೆಚ್ಚು ಕುಣಿಯದೆ, ನಿಲ್ಲಿಸಿದ ಮೇಲೆ ವೇಗ ಇಳಿಯುತ್ತ ಬಂದು ಇನ್ನೇನು ನಿಲ್ಲಬೇಕೆನ್ನುವಾಗ ಒಮ್ಮೆ ಜೋರಾಗಿ ಅಲುಗಾಡುವುದಕ್ಕೂ ಇದೇ ಹಾಯುವಿಕೆ ಕಾರಣ.

ಕಂಬವನ್ನು ಎತ್ತರಿಸುವಾಗ ಈ ಲೆಕ್ಕ ಹೇಗೆ ಕೈಕೊಡುತ್ತದೆ ಎಂಬುದನ್ನೂ ನೋಡಬೇಕು. ಗುಡ್ಡದ ಮೇಲಿಗಿಂತ ಬಯಲಿನಲ್ಲಿ ಗಾಳಿ ಸಿಗಲು ಹೆಚ್ಚು ಎತ್ತರ ಬೇಕು. ಅದೇ ದಪ್ಪದ ಕಂಬವನ್ನು 80ರಿಂದ 100 ಮೀಟರಿಗೆ ಏರಿಸಿದರೆ, ಬಿಗಿತ ಎತ್ತರದ ಘನಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಅದು ಅರ್ಧಕ್ಕೆ ಇಳಿಯುತ್ತದೆ, ಸಹಜ ಆವೃತ್ತಿ 1.43ಕ್ಕೆ ಕುಸಿಯುತ್ತದೆ. ಒಂಟಿ ತಟ್ಟಿನ ಅನುರಣನ ಆಗ ನಿಮಿಷಕ್ಕೆ 13.7 ಸುತ್ತಿಗೆ ಬಂದು ನಿಲ್ಲುತ್ತದೆ, ಅಂದರೆ ಯಂತ್ರ ದಿನವಿಡೀ ಓಡಾಡುವ ವೇಗದ ಮಧ್ಯದಲ್ಲೇ. ಇದನ್ನು ಬೇಗ ದಾಟಿಸುವ ಉಪಾಯದಿಂದ ಮರೆಮಾಚಲಾಗದು. ಬುಡವನ್ನು ಅಗಲಿಸಬೇಕು, ಇಲ್ಲವೇ ರೆಕ್ಕೆಗಳ ಸಮತೂಕವನ್ನು ತೀರ ನಿಖರವಾಗಿ ಕಾಯ್ದುಕೊಳ್ಳಬೇಕು.

ಕಟ್ಟಿದಾಗ ಸರಿಯಿದ್ದ ಕಂಬವೂ ವರ್ಷಗಳು ಕಳೆದಂತೆ ಬದಲಾಗಬಹುದು. ಬುಡದ ಕಾಂಕ್ರೀಟು ಬಿರುಕು ಬಿಟ್ಟೋ ಬೋಲ್ಟು ಸಡಿಲಗೊಂಡೋ ಒಟ್ಟು ಬಿಗಿತ ಹತ್ತು ಶೇಕಡ ಕಡಿಮೆಯಾದರೆ ಸಹಜ ಆವೃತ್ತಿ ಐದು ಶೇಕಡ ಇಳಿಯುತ್ತದೆ, ಅನುರಣನದ ವೇಗ 6.4ರಿಂದ 6.05ಕ್ಕೆ ಸರಿಯುತ್ತದೆ. ನಿಯಂತ್ರಕದಲ್ಲಿ ನಮೂದಿಸಿದ ನಿಷಿದ್ಧ ವಲಯ ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ. ಮೊದಲು 6 ಸುತ್ತಿನಲ್ಲಿ 4.5 ಸೆಂಟಿಮೀಟರಿನಷ್ಟು ಆಡುತ್ತಿದ್ದ ಕಂಬ ಈಗ ಅದೇ ವೇಗದಲ್ಲಿ ಅದರ ಹಲವು ಪಟ್ಟು ಆಡತೊಡಗುತ್ತದೆ. ಇದನ್ನು ಕಂಡುಹಿಡಿಯುವ ಸುಲಭ ದಾರಿ ಚಕ್ರ ನಿಂತಿರುವಾಗಿನದು: ತಲೆಯ ಪೆಟ್ಟಿಗೆಯಲ್ಲಿ ಇರಿಸಿದ ವೇಗೋತ್ಕರ್ಷಮಾಪಕದಲ್ಲಿ, ಬರಿಯ ಗಾಳಿಗೆ ಕಂಬ ತನ್ನಷ್ಟಕ್ಕೆ ತೂಗುವ ಲಯ ದಾಖಲಾಗುತ್ತದೆ, ಅದು 3.14 ಸೆಕೆಂಡಿನ ಬದಲು 3.3 ಸೆಕೆಂಡು ತೋರಿಸಿದರೆ ಬುಡವನ್ನು ಅಗೆದು ನೋಡುವ ಹೊತ್ತಾಗಿದೆ ಎಂದರ್ಥ.

ಓಡುತ್ತಿರುವ ಯಂತ್ರದಲ್ಲಿ ಅತಿಯಾದ ಕಂಪನ ಕಂಡಾಗ ಅದು ಅನುರಣನವೋ ಬರಿಯ ದೊಡ್ಡ ಬಲವೋ ಎಂಬುದನ್ನು ವೇಗವನ್ನು ಸ್ವಲ್ಪವೇ ಬದಲಿಸಿ ತಿಳಿಯಬಹುದು. ರೆಕ್ಕೆಯ ಅಸಮತೂಕದಿಂದ ಬರುವ ಬಲ ವೇಗದ ವರ್ಗದಂತೆ ಬದಲಾಗುತ್ತದೆ, ಐದು ಶೇಕಡ ವೇಗ ಇಳಿಸಿದರೆ ಹತ್ತು ಶೇಕಡ ತಗ್ಗುತ್ತದೆ, ಅಷ್ಟೇ. ಅನುರಣನವಾದರೆ ಅದೇ ಐದು ಶೇಕಡ ಇಳಿತಕ್ಕೆ ವಿಸ್ತಾರ 25ರಿಂದ 5 ಸೆಂಟಿಮೀಟರಿನ ಆಸುಪಾಸಿಗೆ ಬೀಳುತ್ತದೆ. ಇನ್ನೊಂದು ಭೇದ ಏರಿಕೆಯ ಆಕಾರದಲ್ಲಿದೆ, ಮತ್ತು ಇದನ್ನು ಮರೆಯುವುದರಿಂದಲೇ ಒಂದು ಪ್ರಸಿದ್ಧ ತಪ್ಪು ಇಂದಿಗೂ ಚಾಲ್ತಿಯಲ್ಲಿದೆ. ಅಮೆರಿಕದ ಟಕೋಮಾ ಸೇತುವೆ 1940ರ ನವೆಂಬರ್ 7ರಂದು ಗಾಳಿಗೆ ತಿರುಚಿಕೊಂಡು ಕುಸಿದುದನ್ನು ಅನೇಕ ಪಠ್ಯಪುಸ್ತಕಗಳು ಪ್ರೇರಿತ ಅನುರಣನದ ಉದಾಹರಣೆಯೆಂದು ಮುದ್ರಿಸುತ್ತವೆ. ಅಲ್ಲಿ ಹೊರಗಿನಿಂದ ಲಯವೊಂದು ಬೀಳುತ್ತಿರಲಿಲ್ಲ. ಸೇತುವೆಯ ಚಲನೆಯೇ ತನ್ನನ್ನು ತಳ್ಳುವ ಗಾಳಿಬಲವನ್ನು ಹುಟ್ಟಿಸುತ್ತಿತ್ತು, ಅಂದರೆ ಅವಮಂದನ ಋಣವಾಗಿಬಿಟ್ಟಿತ್ತು. ಅಂಥ ವ್ಯವಸ್ಥೆಯಲ್ಲಿ ಕಸಿಯಬೇಕಾದ X² ಪದವೇ ಕೊಡುವ ಪದವಾಗುವುದರಿಂದ ಏರಿಕೆ ಕಾಲಕ್ಕೆ ಅನುಪಾತದಲ್ಲಿರದೆ ಚಕ್ರಬಡ್ಡಿಯ ರೀತಿಯಲ್ಲಿ ಗುಣಿಸುತ್ತ ಹೋಗುತ್ತದೆ. ದಾಖಲೆಯ ಕಾಗದದ ಮೇಲೆ ಎರಡೂ ಬೇರೆಯಾಗಿಯೇ ಕಾಣುತ್ತವೆ: ತೂಗಾಟದ ತುದಿಗಳನ್ನು ಕೂಡಿಸುವ ಗೆರೆ ನೆಟ್ಟಗೆ ಏರಿ ಮೆಲ್ಲನೆ ಬಾಗಿದರೆ ಅನುರಣನ, ಏರಿದಂತೆಲ್ಲ ಕಡಿದಾಗುತ್ತ ಹೋದರೆ ಸ್ವಯಂಪ್ರೇರಿತ ಕಂಪನ. ಮೊದಲನೆಯದಕ್ಕೆ ಚಕ್ರದ ವೇಗ ಬದಲಿಸಿದರೆ ಸಾಕು. ಎರಡನೆಯದು ವೇಗ ಬದಲಿಸಿದರೂ ನಿಲ್ಲದಿರಬಹುದು, ಅದಕ್ಕೆ ಅವಮಂದನವನ್ನು ಹೆಚ್ಚಿಸುವ ಅಥವಾ ರೆಕ್ಕೆಗಳ ಓರೆಯನ್ನೇ ತಿದ್ದುವ ಚಿಕಿತ್ಸೆ ಬೇಕಾಗುತ್ತದೆ.